ಎರಡು ಟೀ ಚಮಚ ಅಂದ್ಕೊಂಡು ಸುರಿದ ಎಣ್ಣೆ ತೂಗಿದ್ರೆ 31 ಗ್ರಾಂ! ಸ್ಟಿರ್ ಫ್ರೈ ಮಾಡೋರು ಸ್ವಲ್ಪ ಹೇಳಿ

ಎಲೆಕೋಸು_12
ಇಬ್ಬರಿಗೆ ತರಕಾರಿ ಸ್ಟಿರ್ ಫ್ರೈ. ಎಲೆಕೋಸು 150 ಗ್ರಾಂ, ಕ್ಯಾರೆಟ್ 100, ಬೀನ್ಸ್ 100, ದಪ್ಪ ಮೆಣಸಿನಕಾಯಿ 100, ಈರುಳ್ಳಿ 50. ಬಾಣಲೆ 30 ಸೆಂಟಿಮೀಟರ್, ತಳ ಚಪ್ಪಟೆ. ವಿಧಾನದಲ್ಲಿ "2 ಟೀ ಚಮಚ ಎಣ್ಣೆ" ಅಂತ ಇದೆ. ಬಾಟಲಿಯಿಂದ ನೇರವಾಗಿ ಒಂದು ಸುತ್ತು ಸುರಿದು, ನಡುವೆ ತಳ ಹಿಡಿದಾಗ ಇನ್ನೊಂಚೂರು ಹಾಕೋದು ನನ್ನ ಅಭ್ಯಾಸ. ಮೊಬೈಲ್ ಆ್ಯಪ್‌ನಲ್ಲಿ 80 ಕ್ಯಾಲೊರಿ ಅಂತ ಬರ್ಕೋತೀನಿ. ಈ ಸಲ ಬಾಟಲಿಯನ್ನ ಅಡುಗೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗಿದೆ. 31 ಗ್ರಾಂ ಕಡಿಮೆ ಆಗಿದೆ. ತೂಗಿದ್ದು ತಪ್ಪೋ, ಸುರಿದಿದ್ದು ತಪ್ಪೋ? ಇಷ್ಟೊಂದು ವ್ಯತ್ಯಾಸ ಹೇಗೆ ಬರುತ್ತೆ?

ತಕ್ಕಡಿಮುಳ್ಳು
ತೂಗಿದ್ದು ಸರಿಯಾಗೇ ಇದೆ. ಬಾಟಲಿಯನ್ನ ಮುಂಚೆ ಮತ್ತು ಆಮೇಲೆ ತೂಗಿ ಕಳೆಯೋದೇ ಎಲ್ಲಕ್ಕಿಂತ ನಂಬಬಹುದಾದ ಅಳತೆ, ಯಾಕಂದ್ರೆ ಎರಡನೇ ಸಲ ಸುರಿದದ್ದೂ ಅದರಲ್ಲಿ ಸಿಕ್ಕಿಬೀಳುತ್ತೆ.

ಲೆಕ್ಕ ನೋಡಿ. ಒಂದು ಟೀ ಚಮಚ ಅಂದ್ರೆ 5 ಮಿಲಿ. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ 5 ಮಿಲಿ ತೂಗಿದ್ರೆ ಸುಮಾರು 4.5 ಗ್ರಾಂ. ಗ್ರಾಂಗೆ 9 ಕ್ಯಾಲೊರಿ ಹಿಡಿದ್ರೆ ಚಮಚಕ್ಕೆ 40. ಎರಡು ಚಮಚಕ್ಕೆ 9 ಗ್ರಾಂ, 80 ಕ್ಯಾಲೊರಿ. ನಿಮ್ಮ 31 ಗ್ರಾಂಗೆ ಹತ್ತಿರ ಹತ್ತಿರ 280. ಅಂದ್ರೆ ನೀವು ಹಾಕಿದ್ದು ಎರಡು ಚಮಚ ಅಲ್ಲ, ಏಳು ಚಮಚದಷ್ಟು.

ಇದನ್ನ ತರಕಾರಿ ಪಕ್ಕದಲ್ಲಿ ಇಟ್ಟು ನೋಡಿದ್ರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ನೀವು ಬರೆದ 500 ಗ್ರಾಂ ತರಕಾರಿ ಎಲ್ಲ ಸೇರಿ 155 ಕ್ಯಾಲೊರಿ ಆಸುಪಾಸು. ಅಳೆದು ಹಾಕಿದ್ರೆ ಇಡೀ ಬಾಣಲೆ 235, ಕಣ್ಣಂದಾಜಲ್ಲಿ 435. ಒಂದು ತಟ್ಟೆಗೆ ನೂರು ಕ್ಯಾಲೊರಿ ಅಂತರ, ಅಷ್ಟೂ ಎಣ್ಣೆಯದ್ದೇ. ಕ್ಯಾರೆಟ್ 20 ಗ್ರಾಂ ಹೆಚ್ಚು ಬಿದ್ರೆ 8 ಕ್ಯಾಲೊರಿ ಆಚೀಚೆ ಆಗುತ್ತೆ, ಅಷ್ಟೇ. ಎಣ್ಣೆ 20 ಗ್ರಾಂ ಹೆಚ್ಚು ಬಿದ್ರೆ 180. ಈ ಅಡುಗೆಯಲ್ಲಿ ಒಂದನ್ನ ಮಾತ್ರ ಅಳೀತೀನಿ ಅನ್ನೋದಾದ್ರೆ ಎಣ್ಣೆ ಅಳೀರಿ.

ಹಸಿರುಬಟ್ಟಲು
ಆಲಿವ್ ಎಣ್ಣೆಗೆ ಬದಲಾಯಿಸಿ. ಅದರಲ್ಲಿ ಕ್ಯಾಲೊರಿ ಕಡಿಮೆ, ಸ್ವಲ್ಪ ಹೆಚ್ಚು ಬಿದ್ರೂ ಪರವಾಗಿಲ್ಲ.

ತಕ್ಕಡಿಮುಳ್ಳು
ಇಲ್ಲ ಮೇಡಂ. ಯಾವ ಅಡುಗೆ ಎಣ್ಣೆ ಆದ್ರೂ ಗ್ರಾಂಗೆ ಹತ್ತಿರ ಹತ್ತಿರ 9 ಕ್ಯಾಲೊರಿನೇ. ಕೊಬ್ಬಿನ ಬಗೆ ಬೇರೆ ಇರಬಹುದು, ಕ್ಯಾಲೊರಿ ಬೇರೆ ಅಲ್ಲ. ಬೆಣ್ಣೆ ಮಾತ್ರ ಸ್ವಲ್ಪ ಕಡಿಮೆ ತೋರಿಸುತ್ತೆ, ಅದರಲ್ಲಿ ನೀರಿನಂಶ ಇರೋದಕ್ಕೆ.

ಹಸಿರುಬಟ್ಟಲು
ಬಾಟಲಿ ಮೇಲೆ "ಲೈಟ್" ಅಂತ ಬರೆದಿರುತ್ತಲ್ಲ?

ತಕ್ಕಡಿಮುಳ್ಳು
ಆಲಿವ್ ಎಣ್ಣೆ ಮೇಲಿನ "ಲೈಟ್" ಅನ್ನೋದು ರುಚಿ ಮತ್ತು ಬಣ್ಣಕ್ಕೆ ಸಂಬಂಧಿಸಿದ್ದು. ಹಿಂದಿನ ಚೀಟಿಯಲ್ಲಿ ಕ್ಯಾಲೊರಿ ಸಾಲು ನೋಡಿ, ಬೇರೆ ಎಣ್ಣೆಯಷ್ಟೇ ಇರುತ್ತೆ.

ನಿಧಾನಉರಿ
ಸುರಿದದ್ದೆಲ್ಲ ಹೊಟ್ಟೆಗೆ ಹೋಗುತ್ತಾ? ಅರ್ಧ ಎಣ್ಣೆ ಬಾಣಲೆಯಲ್ಲೇ ಉಳಿಯುತ್ತೆ, ತೊಳೆಯುವಾಗ ಜಿಡ್ಡು ನೋಡಿಲ್ವಾ? 31 ಗ್ರಾಂ ಅಂತ ಹೆದರಿಸೋದು ಬೇಡ. 15 ಗ್ರಾಂ ತಿಂದಿರಬಹುದು.

ಬಿಸಿತಳ
ಉಳಿಯುತ್ತೆ ಅನ್ನೋದು ನಿಜ, ಅರ್ಧ ಅನ್ನೋದು ಅಲ್ಲ. ಎಷ್ಟು ಉಳಿಯುತ್ತೆ ಅನ್ನೋದು ಬಡಿಸೋ ರೀತಿ ಮೇಲೆ ನಿಂತಿದೆ. ಜಾಲರಿ ಸೌಟಲ್ಲಿ ಎತ್ತಿ ಬಡಿಸಿದ್ರೆ ಕೊಳ ಕಟ್ಟಿದ ಎಣ್ಣೆ ತಳದಲ್ಲೇ ನಿಲ್ಲುತ್ತೆ. ಬಾಣಲೆಯನ್ನೇ ಬಗ್ಗಿಸಿ ತಟ್ಟೆಗೆ ಸುರಿದ್ರೆ ಎಲ್ಲಾ ತಟ್ಟೆಗೇ. ಕೊನೆಗೆ ಕಾರ್ನ್‌ಫ್ಲೋರ್ ಕದಡಿದ ಸಾಸ್ ಹಾಕೋರಿಗಂತೂ ಉಳಿಯೋದು ತೀರಾ ಕಡಿಮೆ. ಸಾಸ್ ಗಟ್ಟಿಯಾಗುವಾಗ ಎಣ್ಣೆಯನ್ನೂ ಹಿಡ್ಕೊಂಡು ತರಕಾರಿಗೆ ಅಂಟಿಬಿಡುತ್ತೆ, ಆ ಹೊಳಪಲ್ಲಿ ಒಂದು ಪಾಲು ಎಣ್ಣೆಯದ್ದೇ.

ಇನ್ನೊಂದು ವಿಷಯ. 9 ಗ್ರಾಂ ಹಾಕಿದಾಗಲೂ ಬಾಣಲೆ ಜಿಡ್ಡಾಗೇ ಆಗುತ್ತೆ. ತಳಕ್ಕೆ ತೆಳುವಾಗಿ ಅಂಟಿದ ಒಂದೆರಡು ಗ್ರಾಂ ಕೈಗೆ ಬಹಳ ಅನ್ಸುತ್ತೆ. ತೊಳೆಯುವಾಗ ಬೆರಳಿಗೆ ಸಿಗೋ ಜಿಡ್ಡನ್ನ ನೋಡಿ ಗ್ರಾಂ ಲೆಕ್ಕ ಹೇಳೋಕಾಗಲ್ಲ.

ನಿಧಾನಉರಿ
ಸರಿ, ಅಳೆಯೋದು ಹೇಗೆ ಹಾಗಾದ್ರೆ? ಖಾಲಿ ಬಾಣಲೆ ತೂಗಿ, ಬಡಿಸಿದ ಮೇಲೆ ಮತ್ತೆ ತೂಗಿದ್ರೆ?

ಬಿಸಿತಳ
ಅದರಲ್ಲಿ ತರಕಾರಿ ಬಿಟ್ಟ ನೀರು, ಉಪ್ಪು, ಈರುಳ್ಳಿ ಚೂರು ಎಲ್ಲಾ ಸೇರಿರುತ್ತೆ. 6 ಗ್ರಾಂ ಬಂತು ಅಂದ್ರೆ ಎಣ್ಣೆ ಅಷ್ಟಕ್ಕಿಂತ ಕಡಿಮೆ ಅಂತ ಮಾತ್ರ ಹೇಳಬಹುದು. ಮೇಲಿನ ಮಿತಿ ಸಿಕ್ಕಿತು, ನಿಜವಾದ ಸಂಖ್ಯೆ ಸಿಗಲಿಲ್ಲ.

ತಕ್ಕಡಿಮುಳ್ಳು
ಹಾಕಿದ್ದನ್ನ ಪೂರ್ತಿ ಬರ್ಕೊಳ್ಳೋದೇ ವಾಸಿ. ತಪ್ಪಾದ್ರೂ ಹೆಚ್ಚಿನ ಕಡೆಗೇ ತಪ್ಪುತ್ತೆ.

ನಿಧಾನಉರಿ
ದಿನಾ ಹೆಚ್ಚು ಬರ್ಕೊಂಡ್ರೆ ಅದೂ ತಪ್ಪು ಲೆಕ್ಕವೇ ಅಲ್ವಾ ಸರ್. ಒಪ್ಪಲ್ಲ.

ಒಲೆಕಟ್ಟೆ
ಕರಿದ ಎಣ್ಣೆಯನ್ನ ಎಷ್ಟು ಸಲ ಬಳಸಬಹುದು? ನಮ್ಮಲ್ಲಿ ಅರ್ಧ ಬಾಣಲೆ ಉಳಿಯುತ್ತೆ.

ಎಲೆಕೋಸು_12
ಇದು ಕರಿಯೋದರ ಬಗ್ಗೆ ಅಲ್ಲ, ತರಕಾರಿ ಹುರಿಯೋದು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಕಳೆದುಹೋಗುತ್ತೆ.

@ತಕ್ಕಡಿಮುಳ್ಳು ಲೆಕ್ಕ ಅರ್ಥ ಆಯ್ತು. ಆದ್ರೆ ಕಣ್ಣಿಗೆ ಏಳು ಚಮಚ ಥರ ಕಾಣಲೇ ಇಲ್ಲ. ತಳ ಮುಚ್ಚುವಷ್ಟು ಮಾತ್ರ ಸುರಿದೆ.

ಬಿಸಿತಳ
"ತಳ ಮುಚ್ಚುವಷ್ಟು", ಅಲ್ಲೇ ಇರೋದು ಎಡವಟ್ಟು. 20 ಸೆಂಟಿಮೀಟರ್ ಬಾಣಲೆ ತಳ 314 ಚದರ ಸೆಂಟಿಮೀಟರ್. 30 ಸೆಂಟಿಮೀಟರಿನದ್ದು 707. ಅಂದ್ರೆ ಅಗಲ ಒಂದೂವರೆ ಪಟ್ಟು, ತಳ ಎರಡು ಪಟ್ಟಿಗಿಂತ ಹೆಚ್ಚು. ಎರಡರಲ್ಲೂ ಅದೇ ದಪ್ಪದ ಪದರ ಕಾಣಬೇಕು ಅಂತ ಸುರಿದ್ರೆ ದೊಡ್ಡದಕ್ಕೆ ಎರಡು ಪಟ್ಟು ಎಣ್ಣೆ ಬೀಳುತ್ತೆ, ತರಕಾರಿ ಮಾತ್ರ ಅಷ್ಟೇ.

ಜೊತೆಗೆ ತಣ್ಣನೆ ಬಾಣಲೆ. ತಣ್ಣಗಿದ್ದಾಗ ಎಣ್ಣೆ ಮಂದ, ಬಿದ್ದ ಜಾಗದಲ್ಲೇ ಬಿಲ್ಲೆ ಥರ ಕೂತಿರುತ್ತೆ. ಎರಡು ಚಮಚ ಹಾಕಿದ್ರೆ ಅಂಗೈ ಅಗಲ ಇರುತ್ತೆ, ಸುತ್ತ ತಳ ಬೋಳು. "ಸಾಲಲ್ಲ" ಅನ್ಸಿ ಕೈ ಮತ್ತೆ ಬಾಟಲಿಗೆ ಹೋಗುತ್ತೆ. ಅದೇ ಎರಡು ಚಮಚವನ್ನ ಕಾದ ಬಾಣಲೆಗೆ ಹಾಕಿ ನೋಡಿ. ಬಿದ್ದ ಕೂಡಲೇ ನೀರಾಗಿ ಓಡುತ್ತೆ, ಹಿಡಿ ಹಿಡಿದು ಒಂದು ಸುತ್ತು ವಾಲಿಸಿದ್ರೆ ಇಡೀ ತಳ ಮಿರಿಮಿರಿ ಅನ್ನುತ್ತೆ. ಎಣ್ಣೆ ಅಷ್ಟೇ, ಕಾಣೋದು ಬೇರೆ.

ಬಾಟಲಿ ಒಲೆ ಪಕ್ಕದಲ್ಲಿ ಇಡೋರಿಗೆ ಇದು ತಿರುಗಿ ಹೊಡೆಯುತ್ತೆ. ಒಳಗಿನ ಎಣ್ಣೆ ಬೆಚ್ಚಗಾಗಿ ಧಾರೆ ಜೋರಾಗಿ ಬರುತ್ತೆ. ಕೈ ಮಾತ್ರ ಹಳೇ ಲೆಕ್ಕದಲ್ಲೇ ಎಣಿಸ್ತಿರುತ್ತೆ.

ತುಂತುರುಹನಿ
ಬಾಟಲಿಗೆ ಸಣ್ಣ ಮೂತಿ ಹಾಕಿಸಿ. "ಒಂದು, ಎರಡು, ಮೂರು" ಎಣಿಸಿ ನಿಲ್ಲಿಸಿದ್ರೆ ಮುಗೀತು. ಚಮಚ ತೊಳೆಯೋ ಕೆಲಸವೂ ಇಲ್ಲ.

ತಕ್ಕಡಿಮುಳ್ಳು
ಮೂತಿ ಒಳ್ಳೇದೇ, ಆದ್ರೆ ನಿಮ್ಮ ಮೂತಿಯ ಧಾರೆ ಎಷ್ಟು ಅಂತ ಮೊದಲು ತಿಳ್ಕೊಳ್ಳಿ. ತಕ್ಕಡಿ ಮೇಲೆ ಲೋಟ ಇಟ್ಟು ಸೊನ್ನೆ ಮಾಡಿ, ಮೂರು ಎಣಿಸಿ ಸುರಿದು ಓದಿ. ಐದು ಸಲ ಮಾಡಿ. ಐದೂ ಸಲ ಒಂದೆರಡು ಗ್ರಾಂ ಒಳಗೇ ಬಂದ್ರೆ ನಿಮ್ಮ ಎಣಿಕೆ ನಂಬಬಹುದು. ಬಾಟಲಿ ತುಂಬಿದ್ದಾಗ ಒಂದು ಸಲ, ಕಾಲು ಭಾಗ ಇದ್ದಾಗ ಒಂದು ಸಲ ಪರೀಕ್ಷೆ ಮಾಡಿ. ಎರಡಕ್ಕೂ ಧಾರೆ ಒಂದೇ ಇರಲ್ಲ.

ತುಂತುರುಹನಿ
ಸ್ಪ್ರೇ ಡಬ್ಬಿ? ಅದರ ಮೇಲೆ 0 ಕ್ಯಾಲೊರಿ ಅಂತಲೇ ಇರುತ್ತೆ.

ತಕ್ಕಡಿಮುಳ್ಳು
ಒಳಗಿರೋದು ಎಣ್ಣೆಯೇ. ಒಂದು "ಸಲ"ಕ್ಕೆ ಅಂತ ಹಾಕಿರೋ ಹೊತ್ತು ಸೆಕೆಂಡಿನ ಚಿಕ್ಕ ತುಣುಕು. ಅಷ್ಟಕ್ಕೆ 5 ಕ್ಯಾಲೊರಿಗಿಂತ ಕಡಿಮೆ ಬಂದ್ರೆ ಸೊನ್ನೆ ಅಂತ ಬರೆಯೋಕೆ ಕೆಲವು ಕಡೆ ನಿಯಮದಲ್ಲೇ ಅವಕಾಶ ಇದೆ. ನೀವು ಬಾಣಲೆ ಪೂರ್ತಿ ಒದ್ದೆ ಆಗೋವರೆಗೆ ಒತ್ತಿ ಹಿಡಿದ್ರೆ ಅದು ಸೊನ್ನೆ ಅಲ್ಲ. ಡಬ್ಬಿಯನ್ನೂ ಮುಂಚೆ, ಆಮೇಲೆ ತೂಗಿ ನೋಡಿ.

ಚಮಚದತುದಿ
ಎಲ್ಲರೂ ಬಾಟಲಿ ಬಾಟಲಿ ಅಂತಿದ್ದೀರಿ, ಚಮಚದ ಬಗ್ಗೆ ಯಾರೂ ಮಾತಾಡ್ತಿಲ್ಲ. ಚಹಾ ಕಲಕೋ ಚಮಚ ಅಳತೆ ಚಮಚ ಅಲ್ಲ. ಕೆಲವು 3 ಮಿಲಿ ಹಿಡಿಯುತ್ತವೆ, ಕೆಲವು 7. ಒಂದು ಸಲ ನೀರು ತುಂಬಿ ತಕ್ಕಡಿ ಮೇಲೆ ಹಾಕಿ ನೋಡಿ. ನೀರು ಒಂದು ಮಿಲಿಗೆ ಒಂದು ಗ್ರಾಂ, ಆದ್ರಿಂದ ಹತ್ತು ಚಮಚ ನೀರು ಹಾಕಿ ಹತ್ತರಿಂದ ಭಾಗಿಸಿದ್ರೆ ನಿಮ್ಮ ಚಮಚ ಎಷ್ಟು ಅಂತ ಗೊತ್ತಾಗುತ್ತೆ.

ಸರಿಯಾದ ಅಳತೆ ಚಮಚ ಇದ್ರೂ ಎಡವೋದು ಇದೆ. ಎಣ್ಣೆ ಅಂಚಿನ ಮೇಲೆ ಉಬ್ಬಿ ನಿಲ್ಲುತ್ತೆ, ಬೀಳಲ್ಲ. ಉಬ್ಬು ಬರದ ಹಾಗೆ, ಅಂಚಿಗೆ ಸಮನಾಗಿ ಚಪ್ಪಟೆ ಇರೋವಷ್ಟೇ ಹಾಕಿದ್ರೆ ಮಾತ್ರ 5 ಮಿಲಿ. ಇನ್ನೊಂದು, ಬಾಣಲೆ ಮೇಲೆ ಚಮಚ ಹಿಡಿದು ಬಾಟಲಿ ಬಗ್ಗಿಸೋದು. ಚಮಚ ತುಂಬಿ ಹರಿದದ್ದು ನೇರ ಬಾಣಲೆಗೆ ಬೀಳುತ್ತೆ, ನೀವು ಎಣಿಸೋದು ಚಮಚ ಮಾತ್ರ. ಬಟ್ಟಲ ಮೇಲೆ ಹಿಡಿದು ತುಂಬಿಸಿ, ಆಮೇಲೆ ಬಾಣಲೆಗೆ ಹಾಕಿ. ಎರಡು ಚಮಚವನ್ನೂ ಮೊದಲೇ ಬಟ್ಟಲಿಗೆ ಹಾಕಿಟ್ಟು ಬಾಟಲಿ ಮುಚ್ಚಿ ಒಳಗಿಟ್ಟುಬಿಟ್ರೆ ಇನ್ನೂ ಒಳ್ಳೇದು.

ನಿಧಾನಉರಿ
ಚಮಚಕ್ಕೆ ಅಂಟಿಕೊಂಡು ಉಳಿಯೋದು?

ಚಮಚದತುದಿ
ಅದು ಕಾಲು ಗ್ರಾಂ ಆಸುಪಾಸು. ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಎಲೆಕೋಸು_12
ಬಟ್ಟಲಲ್ಲಿ ಎರಡು ಚಮಚ ಅಳೆದಿಟ್ಕೊಂಡು ಇವತ್ತು ಮಾಡಿದೆ. ಬಾಣಲೆ ಕಾಯಿಸೇ ಹಾಕಿದೆ. ತರಕಾರಿ ಹಾಕಿದ ಒಂದೇ ನಿಮಿಷಕ್ಕೆ ನೀರು ಬಿಡ್ತು, ಕ್ಯಾರೆಟ್ ತಳ ಹಿಡೀತು, ಬೀನ್ಸ್ ಬೇಯಿಸಿದ ಥರ ಬಣ್ಣಗೆಟ್ಟಿತು. ಎರಡು ಚಮಚ ನಿಜಕ್ಕೂ ಸಾಲಲ್ಲ ಅನ್ಸುತ್ತೆ.

ಬಿಸಿತಳ
ನೀವೇ ಹೇಳಿದಿರಿ, ನೀರು ಬಿಡ್ತು ಅಂತ. ಸಾಲದೇ ಬಂದದ್ದು ಉರಿ, ಎಣ್ಣೆ ಅಲ್ಲ. 500 ಗ್ರಾಂ ತಣ್ಣನೆ ತರಕಾರಿಯನ್ನ ಒಟ್ಟಿಗೆ ಹಾಕಿದ ಕೂಡಲೇ ಬಾಣಲೆಯ ಬಿಸಿ ಇಳಿದುಹೋಗುತ್ತೆ. ತರಕಾರಿಯಿಂದ ಬಂದ ನೀರು ಆವಿಯಾಗೋ ಮೊದಲೇ ತಳದಲ್ಲಿ ನಿಲ್ಲುತ್ತೆ. ನೀರು ಇರೋವರೆಗೆ ಅಲ್ಲಿನ ಬಿಸಿ 100 ಡಿಗ್ರಿ ದಾಟಲ್ಲ, ಹುರಿಯೋದಿಲ್ಲ, ಬೇಯುತ್ತೆ. ಇದನ್ನೇ ಎಲ್ಲರೂ "ಎಣ್ಣೆ ಕಡಿಮೆಯಾಯ್ತು" ಅಂತ ಓದ್ಕೊಂಡು ಎರಡನೇ ಸಲ ಸುರೀತಾರೆ. ನಿಮ್ಮ 31 ಗ್ರಾಂನಲ್ಲಿ ಒಂದು ದೊಡ್ಡ ಪಾಲು ಆ ಎರಡನೇ ಸುರಿತದ್ದೇ ಇರಬೇಕು.

ಹೀಗೆ ಮಾಡಿ. ತರಕಾರಿಯನ್ನ ಅರ್ಧ ಗಂಟೆ ಮುಂಚೆಯೇ ತೊಳೆದು ಜರಡಿಯಲ್ಲಿ ಸೋರಲು ಬಿಟ್ಟು, ಬಟ್ಟೆಯಲ್ಲಿ ಒರೆಸಿ. ಕಬ್ಬಿಣ ಅಥವಾ ಸ್ಟೀಲ್ ಬಾಣಲೆಯನ್ನ ಖಾಲಿ ಇಟ್ಟು ಕಾಯಿಸಿ, ಒಂದು ಹನಿ ನೀರು ಹಾಕಿದ್ರೆ ಅದು ಚುರ್ ಅಂತ ಅಲ್ಲೇ ಆರಿಹೋಗದೆ ಮಣಿ ಥರ ಉರುಳಾಡಬೇಕು. ಆ ಹನಿ ಪೂರ್ತಿ ಹೋದ ಮೇಲೆ ಎಣ್ಣೆ. ಎರಡು ಚಮಚದಲ್ಲಿ ಒಂದೇ ಚಮಚ ಈಗ ಹಾಕಿ, ವಾಲಿಸಿ, ಕ್ಯಾರೆಟ್ ಮತ್ತು ಬೀನ್ಸ್ ಮಾತ್ರ ಹಾಕಿ. ಮೊದಲ ಅರ್ಧ ನಿಮಿಷ ಕೈಯಾಡಿಸಬೇಡಿ. ಹುರಿದ ಮೈ ತಾನಾಗೇ ತಳ ಬಿಡುತ್ತೆ, ಆಮೇಲೆ ಮಗುಚಿ. ಎರಡು ಮೂರು ನಿಮಿಷಕ್ಕೆ ತಟ್ಟೆಗೆ ತೆಗೆದಿಡಿ. ಬಾಣಲೆ ಮತ್ತೆ ಕಾದ ಮೇಲೆ ಎರಡನೇ ಚಮಚ, ಈರುಳ್ಳಿ, ದಪ್ಪ ಮೆಣಸಿನಕಾಯಿ, ಎಲೆಕೋಸು. ಕೊನೆಗೆ ಎಲ್ಲಾ ಸೇರಿಸಿ.

ಕ್ಯಾರೆಟ್ ಒಳಗೆ ಗಟ್ಟಿ ಇದ್ರೆ ಅಂಚಿನ ಸುತ್ತ ಒಂದು ದೊಡ್ಡ ಚಮಚ ನೀರು ಚಿಮುಕಿಸಿ ಅರ್ಧ ನಿಮಿಷ ಮುಚ್ಚಿ. ತಳಕ್ಕೆ ಅಂಟಿದ್ದೂ ಬಿಡುತ್ತೆ, ತರಕಾರಿಯೂ ಬೇಯುತ್ತೆ. ತಳ ಹಿಡಿದಾಗ ಬಾಟಲಿಗೆ ಹೋಗೋ ಕೈ ನೀರಿನ ಲೋಟಕ್ಕೆ ಹೋಗಬೇಕು.

ಹಸಿರುಬಟ್ಟಲು
ನಾನ್‌ಸ್ಟಿಕ್‌ನಲ್ಲೂ ಖಾಲಿ ಕಾಯಿಸಬಹುದಾ?

ಬಿಸಿತಳ
ಬೇಡವೇ ಬೇಡ. ಖಾಲಿ ಇಟ್ಟು ಜೋರು ಉರಿಯಲ್ಲಿ ಕಾಯಿಸಿದ್ರೆ ಲೇಪನ ಹಾಳಾಗುತ್ತೆ, ಹೊಗೆಯೂ ಒಳ್ಳೇದಲ್ಲ. ಅದರಲ್ಲಿ ಎಣ್ಣೆ ಮೊದಲೇ ಹಾಕಿ, ಮಧ್ಯಮ ಉರಿ. ಎಣ್ಣೆ ಹರಡಲ್ಲ, ಹನಿಹನಿಯಾಗಿ ಕೂಡುತ್ತೆ. ಅದನ್ನ ನೋಡಿ ಇನ್ನಷ್ಟು ಸುರಿಯಬೇಡಿ, ಆ ಮೈಯ ಗುಣವೇ ಹಾಗೆ. ಬ್ರಷ್‌ನಿಂದ ಸವರಿ. ತರಕಾರಿಯನ್ನ ಮೂರು ಪಾಲು ಮಾಡ್ಕೊಂಡು ಹುರೀರಿ.

ಬದನೆತೊಟ್ಟು
ಇದೆಲ್ಲ ಎಲೆಕೋಸಿಗೆ ಸರಿ. ನಾನು ಬದನೆಕಾಯಿ ಮತ್ತು ಅಣಬೆ ಮಾಡೋದು. ಎರಡು ಚಮಚ ಹಾಕಿದ್ರೆ ಮೊದಲ ಹತ್ತು ತುಂಡೇ ಪೂರ್ತಿ ಕುಡಿದುಬಿಡುತ್ತವೆ, ಉಳಿದದ್ದಕ್ಕೆ ಏನೂ ಇಲ್ಲ. ನನಗೆ ಆರು ಚಮಚ ಬೇಕೇ ಬೇಕು.

ಚಮಚದತುದಿ
ಬದನೆಕಾಯಿ ಒಳಗೆಲ್ಲ ಗಾಳಿ ತುಂಬಿದ ಸ್ಪಂಜು, ಹಸಿ ಇರೋವಾಗ ಎಷ್ಟು ಹಾಕಿದ್ರೂ ಕುಡಿಯುತ್ತೆ. ಆ ಸ್ಪಂಜನ್ನ ಮೊದಲು ಕುಸಿಯೋ ಹಾಗೆ ಮಾಡಿ. ಹೆಚ್ಚಿದ ತುಂಡನ್ನ ನಾಲ್ಕೈದು ನಿಮಿಷ ಹಬೆಯಲ್ಲಿ ಇಡಿ, ಅಥವಾ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ಹಿಂಡಿ. ಆಮೇಲೆ ಎರಡು ಚಮಚದಲ್ಲೇ ಹುರೀಬಹುದು.

ಅಣಬೆಗೆ ಇನ್ನೂ ಸುಲಭ. ಎಣ್ಣೆ ಇಲ್ಲದೆ, ಎರಡು ಚಮಚ ನೀರು ಹಾಕಿ ಬಾಣಲೆಗೆ ಹಾಕಿ. ತನ್ನ ನೀರನ್ನೆಲ್ಲ ಬಿಟ್ಟು, ಅದು ಆರಿ, ಚಟಚಟ ಸದ್ದು ಬರೋಕೆ ಶುರುವಾದ ಮೇಲೆ ಎಣ್ಣೆ ಹಾಕಿ. ಅಷ್ಟರಲ್ಲಿ ಅದು ಕುಗ್ಗಿರುತ್ತೆ, ಕುಡಿಯೋಕೆ ಜಾಗ ಇರಲ್ಲ.

ಬದನೆತೊಟ್ಟು
ಹಬೆಯಲ್ಲಿ ಇಟ್ರೆ ಹುರಿದ ರುಚಿ ಬರಲ್ಲ. ಅಣಬೆ ವಿಷಯ ಮಾಡಿ ನೋಡ್ತೀನಿ. ಬದನೆಗೆ ಒಪ್ಪಲ್ಲ.

ಚಮಚದತುದಿ
ಹಾಗಾದ್ರೆ ಆರು ಚಮಚಕ್ಕೆ 240 ಕ್ಯಾಲೊರಿ ಅಂತ ಬರ್ಕೊಳ್ಳಿ, 80 ಅಂತ ಬರೀಬೇಡಿ. ಅಷ್ಟೇ ನನ್ನ ಮಾತು.

ಕಡಾಯಿಹಿಡಿ
ದಿನಾ ಚಮಚ, ತಕ್ಕಡಿ ಅಂದ್ರೆ ಯಾರೂ ಒಂದು ವಾರಕ್ಕಿಂತ ಹೆಚ್ಚು ಮಾಡಲ್ಲ. ಬೇರೆ ದಾರಿ ಹೇಳ್ತೀನಿ. ಹೊಸ ಬಾಟಲಿ ತೆರೆದ ದಿನ ಅದರ ಮೇಲೆ ತಾರೀಕು ಬರೆದುಬಿಡಿ. ಒಂದು ಲೀಟರ್ ಎಣ್ಣೆ ಅಂದ್ರೆ 8000 ಕ್ಯಾಲೊರಿಗಿಂತ ಸ್ವಲ್ಪ ಹೆಚ್ಚು. ಇಬ್ಬರ ಮನೆಯಲ್ಲಿ 20 ದಿನಕ್ಕೆ ಖಾಲಿ ಆದ್ರೆ ಒಬ್ಬರಿಗೆ ದಿನಕ್ಕೆ 200. ಅದೇ ಬಾಟಲಿ 40 ದಿನ ಬಂದ್ರೆ 100. ಚಮಚವೇ ಬೇಡ, ಕಣ್ಣಂದಾಜಲ್ಲೇ ಸುರೀರಿ, ಲೆಕ್ಕ ಬಾಟಲಿ ಹೇಳುತ್ತೆ.

ನಿಧಾನಉರಿ
ಇದು ಇಷ್ಟ ಆಯ್ತು ಅಣ್ಣ. ಇದರಲ್ಲಿ ಯಾವ ಅಡುಗೆ ಅನ್ನೋ ಗೊಡವೆನೇ ಇಲ್ಲ.

ತಕ್ಕಡಿಮುಳ್ಳು
ಮನೆಯ ಒಟ್ಟು ಲೆಕ್ಕಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಒಪ್ಪಿದೆ. ಆದ್ರೆ ನಡುವೆ ಒಂದು ದಿನ ಕರಿದು ಎಣ್ಣೆ ಚೆಲ್ಲಿದ್ರೆ ಲೆಕ್ಕ ಕೆಡುತ್ತೆ. ಎಲೆಕೋಸು ಅವರು ಕೇಳಿದ್ದು ಒಂದು ಬಾಣಲೆಯ ಲೆಕ್ಕ, ಅದನ್ನ 20 ದಿನ ಆದ ಮೇಲೆ ತಿಳ್ಕೊಂಡು ಏನು ಮಾಡೋದು?

ಕಡಾಯಿಹಿಡಿ
20 ದಿನ ಆದ ಮೇಲೆ ಬದಲಾಯಿಸಿದ್ರೆ ಸಾಕು. ತೂಕ ಒಂದೇ ಊಟದಲ್ಲಿ ಏರಲ್ಲ ಇಳಿಯಲ್ಲ.

ಹಸಿರುಬಟ್ಟಲು
ಎಣ್ಣೆಯೇ ಇಲ್ಲದೆ ನೀರಲ್ಲೇ ಮಾಡಿಬಿಟ್ರೆ?

ಬಿಸಿತಳ
ಮಾಡಬಹುದು, ಆದ್ರೆ ಅದು ಹುರಿದದ್ದು ಆಗಲ್ಲ. ತರಕಾರಿ ಮೈ ಏರುಪೇರು, ತಳಕ್ಕೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತೆ. ನಡುವಿನ ಸಂದಿಗೆ ಬಿಸಿ ಒಯ್ಯೋದು ಎಣ್ಣೆಯ ಪದರ. ಇನ್ನೊಂದು, ಕ್ಯಾರೆಟ್‌ನ ಕ್ಯಾರೊಟೀನ್ ಮೈಗೆ ಹಿಡಿಯೋಕೆ ಸ್ವಲ್ಪ ಕೊಬ್ಬು ಬೇಕು. ಸೊನ್ನೆಗೆ ಇಳಿಸೋ ಅಗತ್ಯ ಇಲ್ಲ.

ಎಲೆಕೋಸು_12
ಎರಡು ಪಾಲು ಮಾಡಿ, ಒರೆಸಿ, ಚೆನ್ನಾಗಿ ಕಾಯಿಸಿ ಮಾಡಿದೆ. ಎರಡನೇ ಪಾಲಿಗೆ ಈರುಳ್ಳಿ ಅಂಚು ಸ್ವಲ್ಪ ಕಪ್ಪಾಯ್ತು, ಮಿಕ್ಕಿದ್ದು ಚೆನ್ನಾಗಿ ಬಂತು. ತಳ ಹಿಡಿದಾಗ ನೀರು ಚಿಮುಕಿಸಿದೆ. ಬಾಟಲಿ ಮುಚ್ಚಿಟ್ಟಿದ್ದರಿಂದ ಎರಡನೇ ಸುರಿತ ಇರಲಿಲ್ಲ. ಬಟ್ಟಲಲ್ಲಿ ಅಳೆದಿಟ್ಟದ್ದು ಎರಡು ಚಮಚ, ಕೊನೆಗೆ ಇನ್ನೊಂದು ಅರ್ಧ ಚಮಚ ಹಾಕಿದೆ. ಒಟ್ಟು 11 ಗ್ರಾಂ, ನೂರು ಕ್ಯಾಲೊರಿ. ಮನೆಯಲ್ಲಿ ಯಾರೂ ವ್ಯತ್ಯಾಸ ಹೇಳಲಿಲ್ಲ.

ಒಂದು ಅನುಮಾನ. ನನ್ನ ತಕ್ಕಡಿ ಮೇಲೆ ಬಟ್ಟಲು ಇಟ್ಟು ಎಣ್ಣೆಯನ್ನ ನಿಧಾನಕ್ಕೆ ಹನಿ ಹನಿ ಹಾಕಿದಾಗ ಸೊನ್ನೆ ಬದಲಾಗಲೇ ಇಲ್ಲ, ಆಮೇಲೆ ಒಮ್ಮೆಲೇ 3 ತೋರಿಸ್ತು. ಕೆಟ್ಟಿದೆಯಾ?

ತಕ್ಕಡಿಮುಳ್ಳು
ಕೆಟ್ಟಿಲ್ಲ. ಮನೆ ತಕ್ಕಡಿಗಳಲ್ಲಿ ತುಂಬ ನಿಧಾನವಾಗಿ ಬರೋ ತೂಕವನ್ನ ಸೊನ್ನೆಯ ಅಲುಗಾಟ ಅಂತ ತಿಳ್ಕೊಂಡು ತಾನೇ ಅಳಿಸಿಹಾಕೋದು ಇದೆ. ಬಟ್ಟಲನ್ನ ಕೆಳಗಿಳಿಸಿ ಎಣ್ಣೆ ಹಾಕಿ, ಮತ್ತೆ ಮೇಲಿಡಿ. ಇಲ್ಲ ಬಾಟಲಿಯನ್ನೇ ಮೇಲಿಟ್ಟು ಸೊನ್ನೆ ಮಾಡಿ, ಎತ್ತಿ ಸುರಿದು, ಮತ್ತೆ ಇಡಿ. ಮೈನಸ್ 9 ಅಂತ ತೋರಿಸಿದ್ರೆ 9 ಗ್ರಾಂ ಹೋಗಿದೆ ಅಂತ. ಆ 9ನ್ನ ಮಿಲಿ ಅಂತ ಆ್ಯಪ್‌ಗೆ ಹಾಕಬೇಡಿ, ಗ್ರಾಂ ಅಂತಲೇ ಹಾಕಿ.

ನಿಧಾನಉರಿ
ಬಾಣಲೆಯಲ್ಲಿ ಉಳಿದದ್ದರ ಲೆಕ್ಕಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಯಾರಾದ್ರೂ ಸಾಸ್ ಇಲ್ಲದೆ, ಉಪ್ಪೂ ಹಾಕದೆ ಒಣಗಿಸಿ ಹುರಿದು, ಬಾಣಲೆ ತೂಗಿ ನೋಡಿ ಇಲ್ಲಿ ಹಾಕಿ.

ಬಿಸಿತಳ
ಭಾನುವಾರ ಮಾಡಿ ಹಾಕ್ತೀನಿ. 10 ಗ್ರಾಂ ಒಂದು ಸಲ, 30 ಗ್ರಾಂ ಒಂದು ಸಲ, ಅದೇ ಬಾಣಲೆ, ಅದೇ ತರಕಾರಿ.